ಹಾಸಿಗೆ ಹಾಸುವುದರಿಂದ ಹೋಟೆಲ್ ನಡೆಸುವವರೆಗೆ

ಕೆಲವು ತಿಂಗಳ ಹಿಂದೆ ಕೊರಟಗೆರೆ ಕಡೆಯ ರೈತರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಮಗ ಬೆಂಗಳೂರಿನ ಕಾಲೇಜೊಂದರಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಯ ಎರಡನೆಯ ವರ್ಷದಲ್ಲಿದ್ದಾನೆ. ತರಬೇತಿಗೆಂದು ದೊಡ್ಡ ಹೋಟೆಲೊಂದಕ್ಕೆ ಹೋದವನು ಐದೇ ವಾರಕ್ಕೆ ಊರಿಗೆ ಮರಳಿದ್ದಾನೆ. ‘ಶುಲ್ಕ ಕಟ್ಟಲು ಹೊಲದ ಮೇಲೆ ಸಾಲ ಮಾಡಿದ್ದೇನೆ ಸಾರ್. ಇವನು ನೋಡಿದರೆ, ಮ್ಯಾನೇಜರ್ ಆಗಲು ಹೋದವನಿಗೆ ಕಕ್ಕಸು ತೊಳೆಸುತ್ತಾರೆ, ನಾನು ಹೋಗುವುದಿಲ್ಲ ಅನ್ನುತ್ತಾನೆ. ತಾವೊಂದು ಮಾತು ಹೇಳಬೇಕು’ ಎಂದರು.

ಹೇಳಲು ನನಗೆ ಅಧಿಕಾರವಿರಲಿಲ್ಲ. ನಾನು ಓದಿದ್ದು ಅರ್ಥಶಾಸ್ತ್ರ, ಮಾಡಿದ್ದು ಸರ್ಕಾರಿ ನೌಕರಿ. ಆದರೆ ಅಧಿಕಾರವಿದ್ದ ಒಬ್ಬರನ್ನು ಬಲ್ಲೆ. 1990ರ ದಶಕದಲ್ಲಿ ನಾನು ಮಧುಗಿರಿ ಉಪವಿಭಾಗದಲ್ಲಿ ಕೆಲಸ ಮಾಡಿದ್ದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಅದರ ವ್ಯಾಪ್ತಿ. ಆ ದಿನಗಳಲ್ಲಿ ಪ್ರವಾಸಿ ಮಂದಿರವೊಂದರ ಮೇಟಿಯ ಮಗ ಶಾಲೆ ಬಿಟ್ಟ ಮೇಲೆ ಬಂದು ತಂದೆಗೆ ನೆರವಾಗುತ್ತಿದ್ದ. ಪಿಯುಸಿ ಮುಗಿಸಿ, ಮೂರು ವರ್ಷದ ಹೋಟೆಲ್ ಕೋರ್ಸು ಮಾಡಿ, 2001ರಲ್ಲಿ ಆತ ಕೆಲಸಕ್ಕೆ ಸೇರಿದ. ಇಪ್ಪತ್ತೊಂದು ವರ್ಷಗಳ ಬಳಿಕ, 2022ರಲ್ಲಿ, 50 ಕೋಣೆಗಳ ಹೋಟೆಲೊಂದರ ಜನರಲ್ ಮ್ಯಾನೇಜರ್ ಆದ. ಆ ಹುಡುಗನನ್ನು ಕರೆದುಕೊಂಡು ನಾನು ಇವರ ಬಳಿ ಹೋದೆ. ಅಂದು ಕೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮೆಟ್ಟಿಲು ತರಬೇತಿ. ಹೋಟೆಲಿಗೆ ನಾಲ್ಕು ಮುಖ್ಯ ಅಂಗಗಳು: ಅತಿಥಿಯನ್ನು ಬರಮಾಡಿಕೊಳ್ಳುವ ಫ್ರಂಟ್ ಆಫೀಸ್, ಕೋಣೆಗಳನ್ನು ನೋಡಿಕೊಳ್ಳುವ ಹೌಸ್‌ಕೀಪಿಂಗ್, ಅಡುಗೆಮನೆ ಮತ್ತು ಊಟ ಬಡಿಸುವ ವಿಭಾಗ. ತರಬೇತಿಯ ವಿದ್ಯಾರ್ಥಿ ಸರದಿಯಂತೆ ನಾಲ್ಕರಲ್ಲೂ ದುಡಿಯಬೇಕು. ದಿನಚರಿ ಪುಸ್ತಕ ಬರೆದು ವಿಭಾಗದ ಮುಖ್ಯಸ್ಥರ ಸಹಿ ಪಡೆಯಬೇಕು. ಬಹುತೇಕ ಹುಡುಗರು ಅದರಲ್ಲಿ ‘ಇಂದು 12 ಕೋಣೆ ಶುಚಿ ಮಾಡಿದೆ’ ಎಂದಷ್ಟೇ ಬರೆಯುತ್ತಾರೆ. ನಮ್ಮ ಮೇಟಿಯ ಮಗ ಬರೆದದ್ದು ಬೇರೆ. ಖಾಲಿಯಾದ ಕೋಣೆಯನ್ನು ಮತ್ತೊಬ್ಬರಿಗೆ ಸಿದ್ಧಗೊಳಿಸಲು ಎಷ್ಟು ನಿಮಿಷ ಬೇಕು? ಅತಿಥಿ ಇನ್ನೂ ಇರುವ ಕೋಣೆಗೆ ಎಷ್ಟು? ಒಂದು ಹಾಸಿಗೆಗೆ ಎಷ್ಟು ಜೊತೆ ಹೊದಿಕೆ ಇರಬೇಕು? ಉತ್ತರ, ಕನಿಷ್ಠ ಮೂರು ಜೊತೆ. ಒಂದು ಹಾಸಿಗೆಯ ಮೇಲೆ, ಒಂದು ಒಗೆತದಲ್ಲಿ, ಒಂದು ಕಪಾಟಿನಲ್ಲಿ. ಎರಡೇ ಇದ್ದರೆ ಮಳೆಗಾಲದಲ್ಲಿ ಬಟ್ಟೆ ಒಣಗದೆ ಕೋಣೆ ಮಾರಾಟ ನಿಂತುಹೋಗುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಒಗೆದ ಬಿಳಿ ಬಟ್ಟೆ ಬೇಗ ಮಾಸಲಾಗಿ ಒರಟಾಗುವುದನ್ನು ನಮ್ಮ ಸೀಮೆಯವನಾದ ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅದು ಹೋಟೆಲಿನ ಖರ್ಚಿನ ಬಾಬತ್ತು ಎಂಬುದನ್ನು ಮಾತ್ರ ಅಲ್ಲಿ ಕಲಿತ. ‘ಕಕ್ಕಸು ತೊಳೆಯುವುದು ಶಿಕ್ಷೆಯಲ್ಲಪ್ಪ. ಅದಕ್ಕೆ ಎಷ್ಟು ಹೊತ್ತು ಬೇಕೆಂದು ಗೊತ್ತಿಲ್ಲದವನು ನಾಳೆ ಹದಿನಾರು ಕೋಣೆಗೆ ಒಬ್ಬನನ್ನು ಹಾಕಿ, ಕೆಲಸ ಏಕೆ ಆಗಲಿಲ್ಲ ಎಂದು ಬಯ್ಯುತ್ತಾನೆ’ ಎಂದು ಅವರು ಹುಡುಗನಿಗೆ ಹೇಳಿದರು.

ಪದವಿಯ ನಂತರದ ಮೊದಲ ಮೂರು ವರ್ಷ ಎರಡನೆಯ ಮೆಟ್ಟಿಲು. ಇಲ್ಲಿ ಒಂದೇ ವಿಭಾಗವನ್ನು ಹಿಡಿದು ಕೂರಬೇಕು. ಕೆಲವು ದೊಡ್ಡ ಹೋಟೆಲ್ ಸಮೂಹಗಳು ಆಯ್ದ ಪದವೀಧರರನ್ನು ನೇರವಾಗಿ ಮ್ಯಾನೇಜ್‌ಮೆಂಟ್ ತರಬೇತಿಗೆ ತೆಗೆದುಕೊಳ್ಳುವುದುಂಟು. ಒಬೆರಾಯ್ ಸಮೂಹ 1966ರಲ್ಲೇ ಇದಕ್ಕಾಗಿ ತನ್ನದೇ ಶಾಲೆ ತೆರೆಯಿತು. ಅಲ್ಲಿ ಆಯ್ಕೆಯಾದವರು ಕೆಲವು ಮೆಟ್ಟಿಲುಗಳನ್ನು ಬೇಗ ಹತ್ತುತ್ತಾರೆ. ಆದರೆ ಸ್ಥಾನಗಳು ಕಡಿಮೆ, ಉಳಿದವರಿಗೆ ಕೆಳಗಿನಿಂದಲೇ ದಾರಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಮುಗ್ಗರಿಸುವುದು ಇಲ್ಲಿಯೇ. ಕೈಕೆಲಸ ಬರುತ್ತದೆ, ಅತಿಥಿಯ ದೂರಿಗೆ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಬರುವುದಿಲ್ಲ. ನಮ್ಮವರು ಮಾಡಿದ ಉಪಾಯ ಸರಳವಾದದ್ದು. ಪಾಳಿ ಮುಗಿದ ಮೇಲೆ ದೂರು ಪುಸ್ತಕದಲ್ಲಿದ್ದ ಆ ದಿನದ ದೂರುಗಳನ್ನು ಓದಿ, ಪ್ರತಿಯೊಂದಕ್ಕೂ ತಾನು ಹೇಳಬೇಕಾದ ಉತ್ತರವನ್ನು ಬರೆದು, ಬಾಯಿಪಾಠ ಮಾಡುತ್ತಿದ್ದರು. ಬರುವ ದೂರುಗಳು ಬಹುಮಟ್ಟಿಗೆ ಅವವೇ: ಬಿಸಿನೀರಿಲ್ಲ, ಸದ್ದು ಹೆಚ್ಚು, ಬಿಲ್ಲು ತಪ್ಪಾಗಿದೆ. ಒಂದು ವರ್ಷದಲ್ಲಿ ನಾಲಿಗೆ ತಿರುಗಿತು. ಪಾವಗಡದ ಹುಡುಗರಿಗೆ ತೆಲುಗು ಮನೆಯ ಮಾತಿನಷ್ಟೇ ಸಲೀಸು. ಮುಂಗಟ್ಟೆಯ ಹಿಂದೆ ನಿಂತವನಿಗೆ ಅದೂ ಒಂದು ಬಂಡವಾಳವೇ.

ಮೂರನೆಯದು ಸೂಪರ್‌ವೈಸರ್ ಹುದ್ದೆ. ಇಲ್ಲಿ ಸ್ವಂತ ಕೆಲಸ ಮುಗಿದು, ಇತರರ ಕೆಲಸವನ್ನು ಪರೀಕ್ಷಿಸುವ ಕೆಲಸ ಶುರುವಾಗುತ್ತದೆ. ಚೆನ್ನಾಗಿ ಹಾಸಿಗೆ ಹಾಸುತ್ತಿದ್ದವನು ಕೆಟ್ಟ ಸೂಪರ್‌ವೈಸರ್ ಆಗುವುದು ಸಾಮಾನ್ಯ. ಏಕೆಂದರೆ ಅವನು ಇತರರ ತಪ್ಪನ್ನು ತಾನೇ ಸರಿಪಡಿಸಿ ಸುಮ್ಮನಾಗುತ್ತಾನೆ. ನಿಜವಾದ ಕೌಶಲ ಎರಡು ದಾಖಲೆಗಳನ್ನು ತಾಳೆ ನೋಡುವುದರಲ್ಲಿದೆ. ಹೌಸ್‌ಕೀಪಿಂಗ್ ವಿಭಾಗ ಪ್ರತಿ ಪಾಳಿಯಲ್ಲಿ ಯಾವ ಕೋಣೆಯಲ್ಲಿ ಜನರಿದ್ದಾರೆ, ಯಾವುದು ಖಾಲಿ ಎಂದು ಕಣ್ಣಾರೆ ನೋಡಿ ಪಟ್ಟಿ ಮಾಡುತ್ತದೆ. ಫ್ರಂಟ್ ಆಫೀಸಿನ ಕಂಪ್ಯೂಟರಿನಲ್ಲಿ ಇನ್ನೊಂದು ಪಟ್ಟಿ ಇರುತ್ತದೆ. ಕಂಪ್ಯೂಟರಿನ ಪ್ರಕಾರ 207ರಲ್ಲಿ ಅತಿಥಿ ಇದ್ದಾರೆ, ಕೋಣೆಯಲ್ಲಿ ಮಾತ್ರ ಸಾಮಾನೂ ಇಲ್ಲ, ಮನುಷ್ಯರೂ ಇಲ್ಲ ಎಂದಿಟ್ಟುಕೊಳ್ಳಿ. ಅತಿಥಿ ಹಣ ಕೊಟ್ಟು ಹೋಗಿದ್ದು ಗುಮಾಸ್ತ ದಾಖಲಿಸುವುದನ್ನು ಮರೆತಿದ್ದರೆ ಅದನ್ನು ಈ ವೃತ್ತಿಯಲ್ಲಿ ‘ಸ್ಲೀಪರ್’ ಎನ್ನುತ್ತಾರೆ. ಮಾರಬಹುದಾದ ಕೋಣೆ ಆ ರಾತ್ರಿ ಸುಮ್ಮನೆ ಖಾಲಿ ಉಳಿಯುತ್ತದೆ. ಅತಿಥಿ ಹಣ ಕೊಡದೆಯೇ ಜಾರಿಕೊಂಡಿದ್ದರೆ ಅದು ‘ಸ್ಕಿಪ್ಪರ್’. ಎರಡನ್ನೂ ಸಂಜೆಯೊಳಗೆ ಹಿಡಿಯುವವನೇ ಸೂಪರ್‌ವೈಸರ್. ಮರುದಿನ ಹಿಡಿದರೆ ಮೊದಲನೆಯದರಲ್ಲಿ ನಷ್ಟ ಆಗಿಯೇ ಹೋಗಿರುತ್ತದೆ, ಎರಡನೆಯದರಲ್ಲಿ ಅತಿಥಿ ಕೈಗೆ ಸಿಗದಷ್ಟು ದೂರ ಹೋಗಿರುತ್ತಾನೆ.

ನಾಲ್ಕನೆಯ ಮೆಟ್ಟಿಲು ವಿಭಾಗದ ಮುಖ್ಯಸ್ಥನದು. ನಮ್ಮ ಮೇಟಿಯ ಮಗ ಇದನ್ನು ಮುಟ್ಟಿದ್ದು ಹನ್ನೆರಡನೆಯ ವರ್ಷದಲ್ಲಿ. ಬಹಳ ಮಂದಿ ಇಲ್ಲೇ ನಿಂತು ನಿವೃತ್ತರಾಗುತ್ತಾರೆ. ಕಾರಣ, ತಮ್ಮ ವಿಭಾಗದಾಚೆಗಿನ ಲೆಕ್ಕ ಅವರಿಗೆ ಬಾರದು. ಇವರು ಒಂದು ವರ್ಷ ರಜಾದಿನಗಳಲ್ಲಿ ಅಡುಗೆಮನೆಯ ಉಗ್ರಾಣದಲ್ಲಿ ಕುಳಿತು ಕಲಿತ ಲೆಕ್ಕವನ್ನು ನಮಗೆ ಹಾಳೆಯ ಮೇಲೆ ಬರೆದು ತೋರಿಸಿದರು. ತಿಂಗಳ ಮೊದಲ ದಿನ ಉಗ್ರಾಣದಲ್ಲಿ 1,20,000 ರೂಪಾಯಿಯ ದಿನಸಿ ಇತ್ತು. ತಿಂಗಳಲ್ಲಿ 4,60,000 ರೂಪಾಯಿಯದು ಕೊಂಡರು. ಕೊನೆಗೆ 1,00,000 ರೂಪಾಯಿಯದು ಉಳಿಯಿತು. ಅಂದರೆ ಖರ್ಚಾದದ್ದು 4,80,000. ಊಟದ ಮಾರಾಟ 12,00,000 ರೂಪಾಯಿ. ಆದ್ದರಿಂದ ಪದಾರ್ಥದ ವೆಚ್ಚ ಮಾರಾಟದ ಶೇ 40. ಆಯವ್ಯಯದಲ್ಲಿ ಒಪ್ಪಿಕೊಂಡದ್ದು ಶೇ 34, ಅಂದರೆ 4,08,000. ಉಳಿದ 72,000 ರೂಪಾಯಿ ಎಲ್ಲಿ ಹೋಯಿತು?

ಇದಕ್ಕೆ ಕಳ್ಳತನವೊಂದೇ ಉತ್ತರವಲ್ಲ. ತರಕಾರಿ ಬಂದಾಗ ತೂಕ ಮಾಡದೆ ಚೀಟಿಗೆ ಸಹಿ ಹಾಕಿರಬಹುದು. ನೌಕರರ ಊಟವನ್ನು ಬೇರೆ ಲೆಕ್ಕಕ್ಕೆ ಹಾಕದೆ ಇರಬಹುದು. ಅಡುಗೆಮನೆಗೆ ಹೋದ ಆರ್ಡರ್ ಚೀಟಿಗಳಿಗೂ ಬಿಲ್ಲುಗಳಿಗೂ ತಾಳೆ ಇಲ್ಲದಿರಬಹುದು. ಒಂದು ವಾರ ಈ ಮೂರನ್ನು ಒಂದೊಂದಾಗಿ ಪರೀಕ್ಷಿಸಿದರೆ ರಂಧ್ರ ತಾನಾಗಿ ಕಾಣುತ್ತದೆ. ಕೋಣೆಗಳ ಮನುಷ್ಯ ಅಡುಗೆಮನೆಯ ಈ ಲೆಕ್ಕವನ್ನೂ, ಅಡುಗೆಯವನು ಕೋಣೆಗಳ ಲೆಕ್ಕವನ್ನೂ ಕಲಿತರೆ ಮಾತ್ರ ಮುಂದಿನ ಬಾಗಿಲು ತೆರೆಯುತ್ತದೆ. ಇದಕ್ಕಾಗಿ ಕೆಲವೊಮ್ಮೆ ಸಂಬಳ ಹೆಚ್ಚದ, ಹುದ್ದೆಯ ಹೆಸರೂ ಏರದ ಅಡ್ಡ ವರ್ಗಾವಣೆಯನ್ನು ಒಪ್ಪಬೇಕಾಗುತ್ತದೆ.

ಕೊನೆಯದು ಜನರಲ್ ಮ್ಯಾನೇಜರ್. ಇಲ್ಲಿ ನನ್ನ ಅರ್ಥಶಾಸ್ತ್ರವೂ ಕಿವಿ ನಿಮಿರಿಸಿತು. ಹೋಟೆಲಿನ ಕೋಣೆ ಸೊಪ್ಪಿಗಿಂತ ಬೇಗ ಬಾಡುವ ಸರಕು. ಇಂದಿನ ರಾತ್ರಿ ಮಾರದ ಕೋಣೆಯನ್ನು ನಾಳೆ ಮಾರಲಾಗದು. ಹಾಗಾದರೆ ದರ ಇಳಿಸಿ ಎಲ್ಲವನ್ನೂ ತುಂಬಿಸುವುದೇ ಜಾಣತನವೇ? ಅವರ ಲೆಕ್ಕ ಹೀಗಿತ್ತು. 50 ಕೋಣೆಗಳಲ್ಲಿ 40ನ್ನು 3,000 ರೂಪಾಯಿಗೆ ಮಾರಿದರೆ 1,20,000 ಬರುತ್ತದೆ. ದರವನ್ನು 2,400ಕ್ಕೆ ಇಳಿಸಿ 46 ಕೋಣೆ ತುಂಬಿಸಿದರೆ ಬರುವುದು 1,10,400. ತುಂಬಿದ ಪ್ರತಿ ಕೋಣೆಗೆ ಒಗೆತ, ಸಾಬೂನು, ವಿದ್ಯುತ್ತು ಎಂದು 450 ರೂಪಾಯಿ ತಗಲುವುದಾದರೆ, ಮೊದಲನೆಯದರಲ್ಲಿ ಉಳಿಯುವುದು 1,02,000, ಎರಡನೆಯದರಲ್ಲಿ 89,700. ಹೋಟೆಲ್ ಹೆಚ್ಚು ಗಿಜಿಗುಟ್ಟಿತು, ಗಳಿಕೆ 12,300 ರೂಪಾಯಿ ಕಡಿಮೆಯಾಯಿತು. ಮಾಲೀಕರಿಗೆ ತುಂಬಿದ ಮೊಗಸಾಲೆ ಕಾಣುತ್ತದೆ, ಈ ಕೊರತೆ ಕಾಣುವುದಿಲ್ಲ. ಅದನ್ನು ಅವರಿಗೆ ವಿನಯದಿಂದ ತೋರಿಸಿಕೊಡುವುದೇ ಜನರಲ್ ಮ್ಯಾನೇಜರನ ಕೆಲಸ. ಹಾಗೆಂದು, ರಾತ್ರಿ ಹತ್ತಕ್ಕೆ ಬಾಗಿಲಿಗೆ ಬಂದ ಪ್ರಯಾಣಿಕ 1,800 ಕೊಡುತ್ತೇನೆಂದರೆ ಹಿಂದೆ ಕಳಿಸಬಾರದು. ಖಾಲಿ ಉಳಿಯಲಿದ್ದ ಕೋಣೆಯಿಂದ 1,350 ರೂಪಾಯಿ ಬಂದಂತಾಯಿತು. ಆದರೆ ಅದು ನಾಳೆಯ ದರವಾಗದಂತೆ ನೋಡಿಕೊಳ್ಳಬೇಕು.

ಈ ದಾರಿಯ ಕಷ್ಟವನ್ನೂ ಅವರು ಮುಚ್ಚಿಡಲಿಲ್ಲ. ಹಬ್ಬದ ದಿನ ಮನೆಯಲ್ಲಿರಲು ಆಗುವುದಿಲ್ಲ. ಮೊದಲ ವರ್ಷಗಳ ಸಂಬಳದಲ್ಲಿ ಬೆಂಗಳೂರಿನ ಬಾಡಿಗೆ ಕೊಟ್ಟು ಸಾಲದ ಕಂತು ಕಟ್ಟುವುದು ಕಷ್ಟ. 2020ರ ಲಾಕ್‌ಡೌನಿನಲ್ಲಿ ಅವರ ಸಂಬಳವೂ ಅರ್ಧಕ್ಕಿಳಿಯಿತು, ಜೊತೆಯವರು ಕೆಲವರು ವೃತ್ತಿಯನ್ನೇ ಬಿಟ್ಟರು. ಎಲ್ಲರೂ ಜನರಲ್ ಮ್ಯಾನೇಜರ್ ಆಗುವುದೂ ಇಲ್ಲ. ಒಂದು ಹೋಟೆಲಿಗೆ ಒಬ್ಬರೇ.

ಆದರೆ ಹೋಟೆಲುಗಳು ಬೆಂಗಳೂರಿನಲ್ಲಷ್ಟೇ ಇರಬೇಕಾಗಿಲ್ಲ. ಶಿರಾದ ಮೂಲಕ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಪಾವಗಡದ ಶನೈಶ್ಚರ ದೇವಾಲಯಕ್ಕೂ ಕೊರಟಗೆರೆಯ ಗೊರವನಹಳ್ಳಿಗೂ ಭಕ್ತರು ಬರುತ್ತಾರೆ. ತಿರುಮಣಿಯ ಸೌರ ವಿದ್ಯುತ್ ಪಾರ್ಕು 2018ರಲ್ಲಿ ಆರಂಭವಾದ ಮೇಲೆ ಎಂಜಿನಿಯರುಗಳೂ ಬಂದುಹೋಗುತ್ತಾರೆ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿದವರು ಮಾತ್ರ ಇಳಿದೊಡನೆ ಬೆಂಗಳೂರಿನ ಬಸ್ಸು ಹಿಡಿಯುತ್ತಾರೆ. ಇಲ್ಲಿ 30 ಕೋಣೆಯ ಹೋಟೆಲನ್ನು ಲೆಕ್ಕವಿಟ್ಟು ನಡೆಸಬಲ್ಲವನಿಗೆ ಎಲ್ಲ ಮೆಟ್ಟಿಲುಗಳ ಅನುಭವವೂ ಬೇಕು. ಇಲ್ಲಿ ಅವನೇ ಸೂಪರ್‌ವೈಸರ್, ಅವನೇ ಉಗ್ರಾಣಿಕ, ಅವನೇ ಮ್ಯಾನೇಜರ್.

ಮಕ್ಕಳನ್ನು ಈ ಕೋರ್ಸಿಗೆ ಸೇರಿಸುವ ತಂದೆ ತಾಯಂದಿರು ಕಾಲೇಜಿನಲ್ಲಿ ಕಟ್ಟಡ ನೋಡುವ ಬದಲು ಮೂರು ಪ್ರಶ್ನೆ ಕೇಳಲಿ. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ತರಬೇತಿ ಯಾವ ಹೋಟೆಲಿನಲ್ಲಿ, ನಾಲ್ಕೂ ವಿಭಾಗಗಳಲ್ಲಿ ಎಷ್ಟೆಷ್ಟು ವಾರ? ಐದು ವರ್ಷದ ಹಿಂದೆ ಹೊರಬಿದ್ದವರಲ್ಲಿ ಇಂದಿಗೂ ಇದೇ ವೃತ್ತಿಯಲ್ಲಿರುವವರು ಯಾರು, ಅವರೊಡನೆ ಮಾತನಾಡಬಹುದೇ? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಹೊಲದ ಮೇಲೆ ಸಾಲ ಮಾಡುವ ಮುನ್ನ ಇನ್ನೊಮ್ಮೆ ಯೋಚಿಸುವುದು ಒಳ್ಳೆಯದು.

ಕೊರಟಗೆರೆಯ ಹುಡುಗ ತರಬೇತಿಗೆ ಮರಳಿದ್ದಾನೆ. ಮುಂದೇನಾಗುವನೋ ನಾನು ಹೇಳಲಾರೆ. ಕಳೆದ ವಾರ ದೂರವಾಣಿ ಮಾಡಿ, ಮೂರನೆಯ ಮಹಡಿಯಲ್ಲಿ ಒಂದು ಸ್ಲೀಪರ್ ಪತ್ತೆ ಹಚ್ಚಿದ್ದಾಗಿ, ಸಂಜೆ ಏಳಕ್ಕೆ ಆ ಕೋಣೆ ಮಾರಾಟವಾದುದಾಗಿ ತಿಳಿಸಿದ. ದಿನಚರಿ ಪುಸ್ತಕದಲ್ಲಿ ಬರೆದೆಯಾ ಎಂದು ಕೇಳಿದೆ. ಬರೆದಿದ್ದಾನಂತೆ.