ಡಿಸೆಂಬರ್ ಪೇಸ್ಲಿಪ್‌ನಲ್ಲಿ ಓಟಿ ಲೆಕ್ಕ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಮಾರನೆಯ ತಿಂಗಳ ಸಂಬಳ ಮಾಡಲು ಕುಳಿತ ಪೇರೋಲ್ ವಿಭಾಗಗಳ ಮುಂದೆ ಒಂದು ಕೆಲಸ ಬಂದು ನಿಂತಿತು: ಓವರ್‌ಟೈಮ್ ಲೆಕ್ಕ ಬದಲಾದದ್ದನ್ನು ಕೆಲಸಗಾರರಿಗೆ ತಿಳಿಸುವ ನೋಟಿಸು ಬರೆಯುವುದು. ‘ಸಂಹಿತೆಯ ಪ್ರಕಾರ ಓಟಿ ಪರಿಷ್ಕರಿಸಲಾಗಿದೆ’ ಎಂದು ಒಂದು ಸಾಲು ಟೈಪ್ ಮಾಡಿ ಬೋರ್ಡಿಗೆ ಅಂಟಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಪಕ್ಕದ ಮೆಷಿನ್‌ನವನಿಗೆ ಎರಡು ಸಾವಿರ ಹೆಚ್ಚು ಬಂದು ತನಗೆ ಮುನ್ನೂರು ಮಾತ್ರ ಬಂದಾಗ ಯಾರಾದರೂ ಅನುಮಾನ ಪಡುತ್ತಾರೆ. ಅದಕ್ಕೆ ಉತ್ತರ ನೋಟಿಸಿನಲ್ಲೇ ಇರಬೇಕು.

ಓಟಿಗೆ ಎರಡು ಪಟ್ಟು ಎಂಬ ಮಾತು ಹೊಸದಲ್ಲ. 1948ರ ಕಾರ್ಖಾನೆ ಕಾಯ್ದೆಯ 59ನೇ ಕಲಮಿನಲ್ಲೂ ಅದೇ ಇತ್ತು, 2019ರ ವೇತನ ಸಂಹಿತೆಯ 14ನೇ ಕಲಮಿನಲ್ಲೂ ಅದೇ ಇದೆ. ಬದಲಾಗಿದ್ದು, ಯಾವ ಮೊತ್ತದ ಎರಡು ಪಟ್ಟು ಎಂಬುದು. ಹಳೆಯ ಕಾಯ್ದೆ ಭತ್ಯೆಗಳನ್ನೂ ಸೇರಿಸಿ ಎಂದಿದ್ದರೂ, ಬೇಸಿಕ್ ಮತ್ತು ಡಿಎ ಎರಡನ್ನೇ ಹಿಡಿದು ಓಟಿ ಕಟ್ಟುವ ರೂಢಿ ಎಷ್ಟೋ ಕಡೆ ಬೇರೂರಿತ್ತು. ಸಂಹಿತೆ ಈಗ ‘ವೇತನ’ ಎಂದರೆ ಏನು ಎಂದು ಒಂದೇ ವ್ಯಾಖ್ಯೆ ಕೊಟ್ಟಿದೆ, ಅದು ಕೆಲಸ ಮಾಡುವುದು ಎರಡು ಹೆಜ್ಜೆಯಲ್ಲಿ.

ಮೊದಲನೆಯದು ಹೊರಗಿಡುವ ಪಟ್ಟಿ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಬೋನಸ್, ಕಮಿಷನ್, ಕಂಪನಿ ಕಟ್ಟುವ ಪಿಎಫ್ ಪಾಲು, ಓವರ್‌ಟೈಮ್ ಹಣ ಇಂಥವನ್ನು ಹೆಸರಿಟ್ಟು ವೇತನದಿಂದ ತೆಗೆಯಲಾಗಿದೆ. ಪಟ್ಟಿಯಲ್ಲಿ ಇಲ್ಲದ್ದು ವೇತನದೊಳಗೇ ಉಳಿಯುತ್ತದೆ. ಪೇಸ್ಲಿಪ್‌ನಲ್ಲಿ ‘ಸ್ಪೆಷಲ್ ಅಲೋಯನ್ಸ್’ ಎಂದು ಒಂದು ಸಾಲು ಇರುತ್ತದಲ್ಲ, ಸಂಬಳ ಹಂಚಿ ಉಳಿದದ್ದನ್ನೆಲ್ಲ ತುಂಬುವ ಸಾಲು, ಅದು ಆ ಪಟ್ಟಿಯಲ್ಲಿ ಇಲ್ಲ. ಬಹಳ ಜನರ ಓಟಿ ಏರುವುದು ಈ ಒಂದು ಸಾಲಿನಿಂದಲೇ.

ಎರಡನೆಯದು ಅರ್ಧದ ಮಿತಿ. ಹೊರಗಿಟ್ಟ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟು ಭಾಗವನ್ನು ವಾಪಸು ವೇತನಕ್ಕೆ ಸೇರಿಸಬೇಕು. ಬೇಸಿಕ್ ಸಣ್ಣದಾಗಿಟ್ಟು ಭತ್ಯೆ ಉಬ್ಬಿಸುವ ಪದ್ಧತಿಗೆ ಹಾಕಿದ ತಡೆ ಇದು.

ಈಗ ಲೆಕ್ಕಕ್ಕೆ ಬರೋಣ. ಬೇಸಿಕ್ ಮತ್ತು ಡಿಎ ಮೇಲೆ ಓಟಿ ಕೊಡುತ್ತಿದ್ದ ಒಂದು ಕಾರ್ಖಾನೆ ಎಂದುಕೊಳ್ಳಿ. ತಿಂಗಳ ಮೊತ್ತವನ್ನು 26 ದಿನಕ್ಕೆ, ದಿನದ್ದನ್ನು 8 ಗಂಟೆಗೆ ಭಾಗಿಸಿ ಗಂಟೆಯ ದರ ತೆಗೆಯುವುದು ಅಲ್ಲಿನ ಕ್ರಮ.

ಅಲ್ಲಿನ ಒಬ್ಬ ಸಿಎನ್‌ಸಿ ಆಪರೇಟರ್‌ಗೆ ಒಟ್ಟು ಸಂಬಳ 52,000 ರೂಪಾಯಿ. ಅದರಲ್ಲಿ ಬೇಸಿಕ್ ಮತ್ತು ಡಿಎ 26,000, ಸ್ಪೆಷಲ್ ಅಲೋಯನ್ಸ್ 10,400, ಮನೆ ಬಾಡಿಗೆ ಭತ್ಯೆ 10,400, ಪ್ರಯಾಣ ಭತ್ಯೆ 5,200. ಹಳೆಯ ಲೆಕ್ಕದಲ್ಲಿ 26,000 ರೂಪಾಯಿಗೆ ಗಂಟೆಗೆ 125, ಓಟಿ ದರ 250. ಹೊಸ ಲೆಕ್ಕದಲ್ಲಿ ಬಾಡಿಗೆ ಮತ್ತು ಪ್ರಯಾಣ ಭತ್ಯೆ ಎರಡೂ ಹೊರಗೆ, ಒಟ್ಟು 15,600. ಅದು ಅರ್ಧಕ್ಕಿಂತ ಕಡಿಮೆಯಾದ್ದರಿಂದ ವಾಪಸು ಸೇರಿಸುವ ಪ್ರಶ್ನೆ ಇಲ್ಲ. ಸ್ಪೆಷಲ್ ಅಲೋಯನ್ಸ್ ಒಳಗೆ ಬಂದು ವೇತನ 36,400 ಆಗುತ್ತದೆ. ಗಂಟೆಗೆ 175, ಓಟಿ ದರ 350. ತಿಂಗಳಿಗೆ 20 ಗಂಟೆ ಓಟಿ ಮಾಡಿದರೆ ಮೊದಲು 5,000 ಬರುತ್ತಿತ್ತು, ಇನ್ನು 7,000.

ಅದೇ ಕಾರ್ಖಾನೆಯಲ್ಲಿ ಸ್ವಂತ ಬೈಕಿನಲ್ಲಿ ಗಿರಾಕಿಗಳ ಬಳಿ ಹೋಗಿ ಮೆಷಿನ್ ರಿಪೇರಿ ಮಾಡುವ ಸರ್ವಿಸ್ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರ ಒಟ್ಟು ಸಂಬಳ 62,400. ಬೇಸಿಕ್ ಮತ್ತು ಡಿಎ 28,080, ಮನೆ ಬಾಡಿಗೆ ಭತ್ಯೆ 20,800, ಪ್ರಯಾಣ ಭತ್ಯೆ 13,520. ಸ್ಪೆಷಲ್ ಅಲೋಯನ್ಸ್ ಇಲ್ಲ. ಹಳೆಯ ಓಟಿ ದರ ಗಂಟೆಗೆ 270. ಈಗ ಹೊರಗಿಟ್ಟ ಎರಡು ಭತ್ಯೆ ಸೇರಿ 34,320 ಆಗುತ್ತದೆ, ಒಟ್ಟು ಸಂಬಳದ ಅರ್ಧವಾದ 31,200ನ್ನು ಅದು 3,120ರಷ್ಟು ದಾಟಿದೆ. ಆ 3,120ನ್ನು ಬೇಸಿಕ್ ಮತ್ತು ಡಿಎಗೆ ಕೂಡಿಸಿದರೆ ವೇತನ 31,200. ಗಂಟೆಗೆ 150, ಓಟಿ ದರ 300. ಹತ್ತು ಗಂಟೆಗೆ 2,700 ಇದ್ದದ್ದು 3,000 ಆಯಿತು. ಒಟ್ಟು ಸಂಬಳ ಆಪರೇಟರ್‌ಗಿಂತ ಹೆಚ್ಚಿದ್ದೂ ಗಂಟೆಯ ಓಟಿ ದರ ಕಡಿಮೆ. ಸಂಬಳವನ್ನು ಯಾವ ಸಾಲುಗಳಲ್ಲಿ ಹಂಚಲಾಗಿದೆ ಎಂಬುದು ಅಷ್ಟು ಮುಖ್ಯ.

ಮುಂದಿನ ಸಂಬಳದಲ್ಲಿ ಎಷ್ಟು ಬರುತ್ತದೆ ಎಂಬುದು ಹಾಜರಿಯನ್ನು ಯಾವ ತಾರೀಖಿಗೆ ಕತ್ತರಿಸುತ್ತಾರೆ ಎನ್ನುವುದರ ಮೇಲೂ ನಿಂತಿದೆ. 21ರಿಂದ 20ರವರೆಗೆ ಹಾಜರಿ ಹಿಡಿಯುವ ಕಡೆ ನವೆಂಬರ್ 21 ಸರಿಯಾಗಿ ಹೊಸ ಅವಧಿಯ ಮೊದಲ ದಿನವಾಯಿತು, ಹಾಗಾಗಿ ಡಿಸೆಂಬರ್ ಸಂಬಳದ ಪೂರ್ತಿ ಓಟಿ ಹೊಸ ದರದ್ದು. ಒಂದರಿಂದ ಮೂವತ್ತರವರೆಗೆ ಹಿಡಿಯುವ ಕಡೆ ನವೆಂಬರ್ ತಿಂಗಳೇ ಎರಡು ತುಂಡಾಗುತ್ತದೆ. ಆಪರೇಟರ್ ನವೆಂಬರ್‌ನಲ್ಲಿ ಮಾಡಿದ 20 ಗಂಟೆಯಲ್ಲಿ 14 ಗಂಟೆ 20ನೇ ತಾರೀಖಿನೊಳಗೆ, 6 ಗಂಟೆ ಆಮೇಲೆ ಎಂದಾದರೆ ಮೊದಲನೆಯದಕ್ಕೆ 3,500, ಎರಡನೆಯದಕ್ಕೆ 2,100, ಒಟ್ಟು 5,600. ಇಂಥ ಕಡೆ ಪೇಸ್ಲಿಪ್‌ನಲ್ಲಿ ಓಟಿಗೆ ಎರಡು ಸಾಲು ಇರಬೇಕು. ಒಂದೇ ಮೊತ್ತ ಬರೆದಿದ್ದರೆ ಯಾವ ಗಂಟೆಗೆ ಯಾವ ದರ ಹಾಕಿದ್ದಾರೆ ಎಂದು ಕೆಲಸಗಾರರಿಗೆ ತಾಳೆ ನೋಡಲು ಬರುವುದಿಲ್ಲ. ತಡವಾಗಿ ಹೊಸ ಲೆಕ್ಕಕ್ಕೆ ಬಂದ ಕಂಪನಿಗಳಲ್ಲಿ ನವೆಂಬರ್ 21ರಿಂದ ಬರಬೇಕಾದ ವ್ಯತ್ಯಾಸದ ಹಣವನ್ನು ಅರಿಯರ್ಸ್ ಎಂದು ಕೇಳಬಹುದು.

ಕೈಗೆ ಬರುವ ಹಣ ಮಾತ್ರ ಓಟಿಯಷ್ಟೇ ಏರಬೇಕೆಂದಿಲ್ಲ. ಪಿಎಫ್ ಕಡಿತಕ್ಕೆ ಕಾನೂನಿನ ಮಿತಿ 15,000 ರೂಪಾಯಿ, ಅದರ ಶೇ. 12 ಎಂದರೆ 1,800. ಅಷ್ಟನ್ನೇ ಹಿಡಿಯುವ ಕಂಪನಿಯಲ್ಲಿ ಏನೂ ಬದಲಾಗದು. ಪೂರ್ತಿ ವೇತನದ ಮೇಲೆ ಹಿಡಿಯುವ ಕಂಪನಿಯಲ್ಲಿ ನಮ್ಮ ಆಪರೇಟರ್‌ನ ಕಡಿತ 3,120ರಿಂದ 4,368ಕ್ಕೆ ಹೋಗಬಹುದು. ಓಟಿಯಲ್ಲಿ ಬಂದ 2,000ದಲ್ಲಿ 1,248 ಪಿಎಫ್ ಖಾತೆಗೆ ಹೋಗಿ ಕೈಗೆ ಉಳಿಯುವುದು 752. ಓಟಿಯೇ ಇಲ್ಲದ ತಿಂಗಳು ಕೈಗೆ ಬರುವ ಸಂಬಳ ಇಳಿದಂತೆ ಕಾಣುತ್ತದೆ. ಆ ಹಣ ಕೆಲಸಗಾರನ ಹೆಸರಿನಲ್ಲೇ ಇರುತ್ತದೆ, ಕಂಪನಿಯ ಪಾಲೂ ಅದರ ಜೊತೆ ಏರುತ್ತದೆ. ಆದರೂ ಮಗಳ ಫೀಸು ಕಟ್ಟುವ ವಾರದಲ್ಲಿ ಇದು ಮೊದಲೇ ಗೊತ್ತಿರಬೇಕು, ಆದ್ದರಿಂದ ನೋಟಿಸಿನಲ್ಲಿ ಈ ಸಾಲು ಬಿಡಬಾರದು.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ಹಳೆಯ ಕಾಯ್ದೆಯ ಪ್ರಕಾರ ಬಾಡಿಗೆ ಭತ್ಯೆಯನ್ನೂ ಸೇರಿಸಿ ಒಟ್ಟು ಸಂಬಳದ ಮೇಲೆ ಓಟಿ ಕೊಡುತ್ತಿದ್ದ ಕಾರ್ಖಾನೆಗಳೂ ಇವೆ. ಅಲ್ಲಿ ಇದೇ ಆಪರೇಟರ್‌ಗೆ ಗಂಟೆಗೆ 500 ಸಿಗುತ್ತಿತ್ತು. ಹೊಸ ವ್ಯಾಖ್ಯೆಯನ್ನು ಅಕ್ಷರಶಃ ಹಿಡಿದರೆ ಅದು 350ಕ್ಕೆ ಇಳಿದು, 20 ಗಂಟೆಗೆ 3,000 ರೂಪಾಯಿ ಖೋತಾ. ಆದರೆ ಸಂಹಿತೆ ಹೇಳುವುದು ‘ಎರಡು ಪಟ್ಟಿಗೆ ಕಡಿಮೆಯಿಲ್ಲದಂತೆ’ ಎಂದು, ಅಂದರೆ ಹೆಚ್ಚು ಕೊಡಲು ಅಡ್ಡಿಯಿಲ್ಲ. ವೇತನ, ಭತ್ಯೆಗಳ ಷರತ್ತನ್ನು ಬದಲಿಸುವ ಮಾಲೀಕರು ಮೊದಲು ನೋಟಿಸು ಕೊಟ್ಟು 21 ದಿನ ಕಾಯಬೇಕೆಂದು ಕೈಗಾರಿಕಾ ಸಂಬಂಧ ಸಂಹಿತೆಯ 40ನೇ ಕಲಮು ಹೇಳುತ್ತದೆ. ಹೇಳದೆ ಕೇಳದೆ ದರ ಇಳಿಸಿದ ಪೇಸ್ಲಿಪ್ ಕೈಗೆ ಬಂದರೆ ಯೂನಿಯನ್‌ನವರು ಮೊದಲು ಕೇಳಬೇಕಾದದ್ದು ಆ ನೋಟಿಸಿನ ತಾರೀಖನ್ನು.

ಪೇಸ್ಲಿಪ್ ಕೈಗೆ ಬಂದಾಗ ಓಟಿ ಗಂಟೆ, ದರ, ಮೊತ್ತ ಮೂರೂ ಬೇರೆ ಬೇರೆ ಬರೆದಿದೆಯೇ ನೋಡಿ. ಗಂಟೆಯನ್ನು ಪಂಚಿಂಗ್ ದಾಖಲೆಯೊಂದಿಗೆ ಹೋಲಿಸಿ. ದರವನ್ನು ಎರಡರಿಂದ ಭಾಗಿಸಿ 208ರಿಂದ ಗುಣಿಸಿ, ಇಪ್ಪತ್ತಾರು ದಿನಕ್ಕೆ ಎಂಟು ಗಂಟೆಯಂತೆ ಆಗುವ ಸಂಖ್ಯೆ ಅದು. ಬಂದ ಉತ್ತರ ನಿಮ್ಮ ಬೇಸಿಕ್ ಮತ್ತು ಡಿಎಗೆ ಮಾತ್ರ ಸರಿಹೊಂದಿ, ಸ್ಪೆಷಲ್ ಅಲೋಯನ್ಸ್ ಬೇರೆಯೇ ಸಾಲಿನಲ್ಲಿ ನಿಂತಿದ್ದರೆ, ನಿಮ್ಮ ಓಟಿ ಇನ್ನೂ ಹಳೆಯ ಲೆಕ್ಕದಲ್ಲೇ ನಡೆಯುತ್ತಿದೆ.