ನಾಲ್ಕನೇ ದಶಮಾಂಶದ ಸೂರ್ಯ

ಮಲ್ಪೆಯ ಕಡಲ ದಂಡೆಯಲ್ಲಿ ಸಂಜೆ ಜನ ಸಾಲುಗಟ್ಟಿ ನಿಂತಿರುತ್ತಾರೆ. ಸೂರ್ಯನ ಕೆಳ ಅಂಚು ನೀರಿಗೆ ತಾಗಿದಂತೆ ಕಂಡಾಗ ‘ಇನ್ನೇನು ಮುಳುಗುತ್ತಾನೆ’ ಅನ್ನುತ್ತಾರೆ. ಲೆಕ್ಕದ ಪ್ರಕಾರ ಅವನು ಆಗಲೇ ಮುಳುಗಿದ್ದಾನೆ. ಭೂಮಿಗೆ ಗಾಳಿಯ ಹೊದಿಕೆ ಇಲ್ಲದಿದ್ದರೆ ಆ ಹೊತ್ತಿಗೆ ಸೂರ್ಯನ ಮೇಲಿನ ಅಂಚೂ ದಿಗಂತದ ಕೆಳಗೆ ಇಳಿದಿರುತ್ತಿತ್ತು. ಮುಂದಿನ ಎರಡು ಚಿಲ್ಲರೆ ನಿಮಿಷ ಜನ ನೋಡುವುದು ತಾನಿಲ್ಲದ ಜಾಗದಲ್ಲಿ ಕಾಣುವ ಸೂರ್ಯನನ್ನು. ಅದೂ ದುಂಡಗಿರುವುದಿಲ್ಲ, ಮೇಲಿಂದ ಯಾರೋ ಒತ್ತಿದಂತೆ ಚಪ್ಪಟೆಯಾಗಿರುತ್ತದೆ.

ಇದೆಲ್ಲ ನಡೆಯುವುದು ಒಂದು ಸಂಖ್ಯೆಯ ನಾಲ್ಕನೇ ದಶಮಾಂಶ ಸ್ಥಾನದಲ್ಲಿ. ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ನೀರಿನ ವಕ್ರೀಭವನ ಸೂಚ್ಯಂಕ 1.33, ಹಾಗಾಗಿ ಅಲ್ಲಿ ಬೆಳಕು ಸೆಕೆಂಡಿಗೆ ಸುಮಾರು 75,000 ಕಿಲೋಮೀಟರ್‌ನಷ್ಟು ನಿಧಾನವಾಗುತ್ತದೆ. ಕಡಲ ಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಗಾಳಿಯ ಸೂಚ್ಯಂಕ 1.000277. ಮೂರು ಲಕ್ಷದಲ್ಲಿ ಇಲ್ಲಿ ಕಳೆಯುವುದು ಬರೀ 83 ಕಿಲೋಮೀಟರ್. ಗಾಳಿ ಮತ್ತು ನಿರ್ವಾತದ ನಡುವಿನ ವ್ಯತ್ಯಾಸವೇ ಇಷ್ಟು. ಗಾಳಿಯ ಒಂದು ಪದರಕ್ಕೂ ಅದರ ಮೇಲಿನ ಪದರಕ್ಕೂ ಇರುವ ವ್ಯತ್ಯಾಸ ಇದಕ್ಕಿಂತ ಎಷ್ಟೋ ಪಾಲು ಚಿಕ್ಕದು.

ಮೇಲಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಾಂದ್ರತೆ ಇಳಿದಷ್ಟೂ ಸೂಚ್ಯಂಕ 1ರ ಹತ್ತಿರ ಸರಿಯುತ್ತದೆ. ಸಾಮಾನ್ಯ ದಿನದಲ್ಲಿ ನೆಲದ ಸಮೀಪ ಒಂದು ಮೀಟರ್ ಏರಿದರೆ ಸೂಚ್ಯಂಕ ಇಳಿಯುವುದು ಹತ್ತು ಕೋಟಿಯಲ್ಲಿ 2.7 ಪಾಲು. ಅಡ್ಡಲಾಗಿ ಸಾಗುತ್ತಿರುವ ಒಂದು ಮೀಟರ್ ಎತ್ತರದ ಬೆಳಕಿನ ಅಲೆಯನ್ನು ಊಹಿಸಿಕೊಳ್ಳಿ. ಅದರ ಮೇಲ್ತುದಿ ತೆಳು ಗಾಳಿಯಲ್ಲಿದೆ, ಕೆಳತುದಿ ಸ್ವಲ್ಪ ದಟ್ಟ ಗಾಳಿಯಲ್ಲಿದೆ. ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಮೇಲ್ತುದಿ ಕೆಳತುದಿಗಿಂತ 0.027 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ತಲೆಗೂದಲಿನ ಅರ್ಧ ದಪ್ಪವೂ ಇಲ್ಲದ ಮುನ್ನಡೆ ಇದು. ಆದರೂ ಅಲೆ ಅಷ್ಟರಮಟ್ಟಿಗೆ ನೆಲದ ಕಡೆ ವಾಲುತ್ತದೆ, ಬೆಳಕಿನ ದಾರಿ ಕೆಳಮುಖವಾಗಿ ಬಾಗುತ್ತದೆ. ಆ ಬಾಗನ್ನೇ ಮುಂದುವರಿಸಿ ಪೂರ್ತಿ ವೃತ್ತ ಎಳೆದರೆ ಅದರ ತ್ರಿಜ್ಯ ಸುಮಾರು 37,000 ಕಿಲೋಮೀಟರ್, ಅಂದರೆ ಭೂಮಿಯ ತ್ರಿಜ್ಯದ ಆರರಷ್ಟಕ್ಕೆ ಹತ್ತಿರ.

ಇಷ್ಟು ಸಣ್ಣ ಬಾಗು ಕಣ್ಣಿಗೆ ಕಾಣುವಷ್ಟಾಗಲು ದೂರ ಬೇಕು. ಆ ದೂರವನ್ನು ದಿಗಂತ ಒದಗಿಸುತ್ತದೆ. ನೆತ್ತಿಯ ಸೂರ್ಯನ ಕಿರಣ ಗಾಳಿಯ ಕೆಳಗಿನ 8 ಕಿಲೋಮೀಟರನ್ನು ನೇರವಾಗಿ ತೂರಿ ಬರುತ್ತದೆ. ದಿಗಂತದ ಸೂರ್ಯನ ಕಿರಣ ಅದೇ 8 ಕಿಲೋಮೀಟರ್ ಪದರದೊಳಗೆ ಓರೆಯಾಗಿ ಸುಮಾರು 320 ಕಿಲೋಮೀಟರ್ ಸಾಗಬೇಕು. ಹೀಗೆ ಬಾಗುತ್ತ ಬಂದ ಕಿರಣ ಕಣ್ಣು ಸೇರುವ ಹೊತ್ತಿಗೆ ಅದರ ದಿಕ್ಕು ಸುಮಾರು 34 ಕಲೆಯಷ್ಟು ತಿರುಗಿರುತ್ತದೆ. ಪಂಚಾಂಗ ಓದುವವರಿಗೆ ಗೊತ್ತು, ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲು ಒಂದು ಕಲೆ. ಸೂರ್ಯನ ಬಿಂಬದ ಅಗಲ ಸುಮಾರು 32 ಕಲೆ. ಬಿಂಬದ ಅಗಲಕ್ಕಿಂತ ಅದನ್ನು ಎತ್ತಿ ತೋರಿಸುವ ಪ್ರಮಾಣವೇ ಹೆಚ್ಚು. ನೀರಿಗೆ ತಾಗಿದಂತೆ ಕಾಣುವ ಸೂರ್ಯ ಆಗಲೇ ಪೂರ್ತಿ ಮುಳುಗಿರುವುದು ಇದರಿಂದಲೇ.

ಚಪ್ಪಟೆಯಾಗುವುದಕ್ಕೂ ಇದೇ ಕಾರಣ. ಬಿಂಬದ ಕೆಳ ಅಂಚಿನಿಂದ ಬರುವ ಬೆಳಕು ಗಾಳಿಯಲ್ಲಿ ಹೆಚ್ಚು ದೂರ ಸಾಗಿ 34 ಕಲೆ ಮೇಲೇಳುತ್ತದೆ. ಮೇಲಿನ ಅಂಚು ದಿಗಂತದಿಂದ ಅರ್ಧ ಡಿಗ್ರಿಯಷ್ಟು ಮೇಲಿದೆ, ಅಲ್ಲಿಂದ ಬರುವ ಬೆಳಕಿನ ದಾರಿ ಕೊಂಚ ಹತ್ತಿರದ್ದು. ಹಾಗಾಗಿ ಅದು ಏಳುವುದು 29 ಕಲೆ ಮಾತ್ರ. ಕೆಳಗಿನದು ಹೆಚ್ಚು ಎದ್ದು ಮೇಲಿನದು ಕಡಿಮೆ ಎದ್ದರೆ ನಡುವಿನ ಅಂತರ ಕುಗ್ಗಲೇಬೇಕು. 32 ಕಲೆ ಎತ್ತರದ ಬಿಂಬ 27 ಕಲೆಗೆ ಇಳಿಯುತ್ತದೆ, ಅಂದರೆ ಆರನೇ ಒಂದು ಪಾಲು ಕಡಿಮೆಯಾಗುತ್ತದೆ. ಅಗಲ ಮಾತ್ರ ಹಾಗೇ ಉಳಿಯುತ್ತದೆ, ಏಕೆಂದರೆ ಎಡದಿಂದ ಬಲಕ್ಕೆ ಗಾಳಿಯ ಸಾಂದ್ರತೆ ಹೀಗೆ ಬದಲಾಗುವುದಿಲ್ಲ. ಮುಳುಗುವ ಸೂರ್ಯ ದೊಡ್ಡದಾಗಿ ಕಾಣುತ್ತಾನೆ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಮಧ್ಯಾಹ್ನದ ಮತ್ತು ಸಂಜೆಯ ಚಿತ್ರಗಳನ್ನು ಒಂದೇ ಲೆನ್ಸಿನಲ್ಲಿ, ತಕ್ಕ ಸೋಸುಗಾಜು ಹಾಕಿ ತೆಗೆದು ಅಳೆದರೆ ಸಂಜೆಯ ಸೂರ್ಯನೇ ಚಿಕ್ಕವನು. ದೊಡ್ಡದೆನ್ನಿಸುವುದು ಮಿದುಳಿನ ಕೆಲಸ, ಗಾಳಿಯದ್ದಲ್ಲ.

ಮಲ್ಪೆಯ ಅಕ್ಷಾಂಶದಲ್ಲಿ ಸೂರ್ಯ 34 ಕಲೆ ಇಳಿಯಲು ಎರಡೂಕಾಲು ನಿಮಿಷಕ್ಕಿಂತ ತುಸು ಹೆಚ್ಚೇ ಬೇಕು. ಬೆಳಿಗ್ಗೆ ಅಷ್ಟು ಬೇಗ ಹುಟ್ಟುತ್ತಾನೆ, ಸಂಜೆ ಅಷ್ಟು ತಡವಾಗಿ ಮುಳುಗುತ್ತಾನೆ. ವರ್ಷಪೂರ್ತಿ ಕೂಡಿಸಿದರೆ 28 ಗಂಟೆಗೂ ಮಿಕ್ಕಿದ ಬಿಸಿಲು. ನಾಲ್ಕನೇ ದಶಮಾಂಶ ನಮಗೆ ಕೊಡುತ್ತಿರುವ ಹೆಚ್ಚುವರಿ ಇದು.

ಈಗ ಕಡಲಿನಿಂದ ರಾಯಚೂರಿನ ಕಡೆಯ ಡಾಂಬರು ರಸ್ತೆಗೆ ಬನ್ನಿ. ಏಪ್ರಿಲ್‌ನ ಮಧ್ಯಾಹ್ನ, ಮುಂದೆ ರಸ್ತೆಯ ಮೇಲೆ ನೀರು ಹರಡಿದಂತೆ ಬಿಸಿಲ್ಗುದುರೆ. ಇಲ್ಲಿ ಪದರಗಳ ಕ್ರಮವೇ ತಿರುವುಮುರುವು. ಕಾದ ಡಾಂಬರಿಗೆ ತಾಗಿದ ಗಾಳಿ ಬಿಸಿಯಾಗಿ ಹಿಗ್ಗಿ ತೆಳುವಾಗಿದೆ, ಅದರ ಮೇಲಿನದು ತಂಪಾಗಿ ದಟ್ಟವಾಗಿದೆ. ಎತ್ತರ ಏರಿದಂತೆ ಉಷ್ಣಾಂಶ 100 ಮೀಟರಿಗೆ 3.4 ಡಿಗ್ರಿಗಿಂತ ಜೋರಾಗಿ ಇಳಿಯತೊಡಗಿದರೆ ಸಾಕು, ಬೆಳಕು ಕೆಳಗೆ ಬಾಗುವುದನ್ನು ಬಿಟ್ಟು ಮೇಲಕ್ಕೆ ಬಾಗತೊಡಗುತ್ತದೆ. ಕಾದ ರಸ್ತೆಯ ಮೇಲೆ ಬರೀ 10 ಸೆಂಟಿಮೀಟರ್ ಎತ್ತರದೊಳಗೆ 20 ಡಿಗ್ರಿ ಇಳಿಯಿತು ಅಂದುಕೊಳ್ಳೋಣ. ಅದು ಮೇಲೆ ಹೇಳಿದ ಮಿತಿಯ ಸುಮಾರು 6,000 ಪಟ್ಟು.

ಹಾಗಿದ್ದೂ ಸೂಚ್ಯಂಕದ ಬದಲಾವಣೆ ಎಷ್ಟು? 40 ಡಿಗ್ರಿ ಬಿಸಿಯ ಗಾಳಿಯಲ್ಲಿ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 0.8 ಪಾಲು, 20 ಡಿಗ್ರಿಗೆ 16 ಪಾಲು. ಇಷ್ಟರಿಂದ ತಿರುಗಿ ಏಳಬೇಕಾದರೆ ಕಿರಣ ರಸ್ತೆಯನ್ನು ಸವರಿಕೊಂಡೇ ಬರಬೇಕು, ಅದರ ಓರೆ ಡಿಗ್ರಿಯ ಮೂರನೇ ಒಂದು ಪಾಲನ್ನು ಮೀರಬಾರದು. ಅದಕ್ಕಿಂತ ಕಡಿದಾಗಿ ಇಳಿದರೆ ಡಾಂಬರಿಗೆ ಬಡಿದು ಮುಗಿಯಿತು. ಕಾರಿನಲ್ಲಿ ಕುಳಿತವರ ಕಣ್ಣು ರಸ್ತೆಯಿಂದ 1.2 ಮೀಟರ್ ಮೇಲಿದ್ದರೆ ಅಷ್ಟು ಸಣ್ಣ ಓರೆ ಸಿಗುವುದು ಸುಮಾರು 210 ಮೀಟರ್ ಆಚೆ. ‘ನೀರು’ ಅಲ್ಲಿಂದ ಶುರು. ಬಸ್ಸಿನಲ್ಲಿ 2.4 ಮೀಟರ್ ಎತ್ತರದಲ್ಲಿ ಕುಳಿತವರಿಗೆ ಅದೇ ನೀರು 420 ಮೀಟರ್ ದೂರದಲ್ಲಿ. ಹತ್ತಿರ ಹೋದಂತೆ ಅದು ಹಿಂದೆ ಸರಿಯುತ್ತದೆ, ಏಕೆಂದರೆ ಅದನ್ನು ಗೊತ್ತುಮಾಡುವುದು ಜಾಗವಲ್ಲ, ನೋಡುವ ಕೋನ.

ಇದನ್ನು ಬಿಸಿ ಪದರದ ಮೇಲಿನ ಪ್ರತಿಫಲನವೆಂದೇ ಬಹುಕಾಲ ವಿವರಿಸಿದ್ದಾರೆ. 1798ರಲ್ಲಿ ನೆಪೋಲಿಯನ್‌ನ ದಂಡಿನ ಜೊತೆ ಈಜಿಪ್ಟಿಗೆ ಹೋದ ಗಣಿತಜ್ಞ ಗ್ಯಾಸ್ಪರ್ ಮೊಂಜ್ ಕೊಟ್ಟ ವಿವರಣೆಯೂ ಅದೇ. ಆದರೆ ಕನ್ನಡಿಯಂಥ ಮೇಲ್ಮೈ ಅಲ್ಲೆಲ್ಲೂ ಇಲ್ಲ. ಮೇಲಿನ ಲೆಕ್ಕದಲ್ಲೇ ಕಿರಣ ತಿರುಗುವ ಬಾಗಿನ ತ್ರಿಜ್ಯ ಸುಮಾರು 6 ಕಿಲೋಮೀಟರ್. ಇಳಿದು, ಮಟ್ಟಸವಾಗಿ, ಮತ್ತೆ ಏಳುವಷ್ಟರಲ್ಲಿ ಅದು ರಸ್ತೆಗುಂಟ 70 ಮೀಟರ್ ಸಾಗಿರುತ್ತದೆ, ಅದೂ ಆ 10 ಸೆಂಟಿಮೀಟರ್ ಪದರದೊಳಗೇ. ಹಾಗೆ ಎದ್ದು ಬಂದ ಬೆಳಕು ಆಕಾಶದ್ದು, ನಾವು ನೀರೆಂದು ಓದಿಕೊಳ್ಳುವುದು ಆಕಾಶದ ತುಣುಕನ್ನು. ಬಿಸಿ ಗಾಳಿ ಸುಮ್ಮನೆ ಕೂರದೆ ಮೇಲೇಳುತ್ತಲೇ ಇರುವುದರಿಂದ ಆ ತುಣುಕು ನಡುಗುತ್ತದೆ.

ಲೆಕ್ಕವನ್ನು ಹಿಂದುಮುಂದಾಗಿಸಿದರೆ ಬಿಸಿಲ್ಗುದುರೆಯೇ ಉಷ್ಣಮಾಪಕ. ‘ನೀರು’ ಶುರುವಾಗುವ ದೂರವನ್ನು ಕಣ್ಣಿನ ಎತ್ತರದಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ, ಆ ಗುಣಲಬ್ಧದಿಂದ 6,20,000ವನ್ನು ಭಾಗಿಸಿ. ಕಣ್ಣಿನ ಮಟ್ಟದ ಗಾಳಿಗಿಂತ ರಸ್ತೆಯ ಮೇಲಿನ ಗಾಳಿ ಎಷ್ಟು ಡಿಗ್ರಿ ಹೆಚ್ಚು ಬಿಸಿ ಎಂಬುದು ಸಿಗುತ್ತದೆ. ರಸ್ತೆ ಮಾತ್ರ ನಿಜಕ್ಕೂ ಮಟ್ಟಸವಾಗಿರಬೇಕು. 175 ಮೀಟರಿಗೆ ಒಂದೇ ಮೀಟರ್ ಏರಿದ್ದರೂ ಲೆಕ್ಕ ಪೂರ್ತಿ ಕೆಡುತ್ತದೆ, ಏಕೆಂದರೆ ನಾವು ಅಳೆಯುತ್ತಿರುವ ಕೋನವೂ ಅಷ್ಟೇ ಇದೆ.

ಮೂರನೆಯ ಸಂದರ್ಭ ಹಿಮದ ಸೀಮೆಯದು. 1596ರಲ್ಲಿ ವಿಲ್ಲೆಮ್ ಬಾರೆಂಟ್ಸ್‌ನ ಡಚ್ ನಾವಿಕರ ಹಡಗು ನೋವಾಯಾ ಜೆಮ್ಲ್ಯಾ ದ್ವೀಪಸಮೂಹದ ಉತ್ತರ ತುದಿಯ ಬಳಿ, 76 ಡಿಗ್ರಿ ಅಕ್ಷಾಂಶದಲ್ಲಿ ಹಿಮಕ್ಕೆ ಸಿಕ್ಕಿಕೊಂಡಿತು. ಮರದ ಮನೆ ಕಟ್ಟಿಕೊಂಡು ಧ್ರುವರಾತ್ರಿ ಕಳೆಯುತ್ತಿದ್ದರು. 1597ರ ಜನವರಿ 24ರಂದು ಅವರಲ್ಲೊಬ್ಬನಾದ ಖೆರಿಟ್ ಡೆ ವೇರ್ ಸಂಗಡಿಗರೊಂದಿಗೆ ಸೂರ್ಯನ ಅಂಚನ್ನು ಕಂಡ. ಬಾರೆಂಟ್ಸ್ ನಂಬಲಿಲ್ಲ, ಸೂರ್ಯ ಬರಲು ಇನ್ನೂ ಎರಡು ವಾರವಿತ್ತು. ಊರಿಗೆ ಮರಳಿದ ಮೇಲೆ ಡೆ ವೇರ್ ಬರೆದದ್ದನ್ನು ಓದಿದವರೂ ಅನುಮಾನಿಸಿದರು. ಅವರ ಅನುಮಾನಕ್ಕೆ ಆಧಾರವಿತ್ತು: ಆ ದಿನ ಸೂರ್ಯ ದಿಗಂತದಿಂದ 5 ಡಿಗ್ರಿಗೂ ಕೆಳಗಿದ್ದ. ಮಲ್ಪೆಯಲ್ಲಿ ಗಾಳಿ ಎತ್ತುವುದು ಅರ್ಧ ಡಿಗ್ರಿಯಷ್ಟನ್ನು, ಅಲ್ಲಿ ಅದರ ಹತ್ತರಷ್ಟು ಎತ್ತಬೇಕಿತ್ತು.

ಹಿಮದ ಮೇಲಿನ ಗಾಳಿ ಕೊರೆಯುವಷ್ಟು ತಣ್ಣಗಿದ್ದು ಅದರ ಮೇಲೆ ಬೆಚ್ಚನೆಯ ಪದರ ಕೂತರೆ ಸೂಚ್ಯಂಕ ಎತ್ತರದೊಂದಿಗೆ ಬಹಳ ಬೇಗ ಇಳಿಯುತ್ತದೆ. 100 ಮೀಟರಿಗೆ ಸುಮಾರು 10 ಡಿಗ್ರಿ ಏರಿಕೆಯಾದರೆ ಬೆಳಕಿನ ಬಾಗು ಭೂಮಿಯ ಬಾಗಿಗೆ ಸರಿಸಮವಾಗುತ್ತದೆ. ಕಿರಣ ನೆಲವನ್ನೂ ಮುಟ್ಟದೆ, ಆಕಾಶಕ್ಕೂ ತಪ್ಪಿಸಿಕೊಳ್ಳದೆ, ಆ ಪದರದ ಕೆಳಗೇ ಭೂಮಿಯ ಉಬ್ಬನ್ನು ಹಿಂಬಾಲಿಸಿ ಹೋಗುತ್ತದೆ. ಭೂಮಿಯ ಮೇಲೆ ಒಂದು ಡಿಗ್ರಿ ಎಂದರೆ 111 ಕಿಲೋಮೀಟರ್. 5 ಡಿಗ್ರಿ ಕೆಳಗಿನ ಸೂರ್ಯ ಕಾಣಬೇಕಾದರೆ ಅಂಥ ಪದರ ಕೆಲವು ನೂರು ಕಿಲೋಮೀಟರ್ ಉದ್ದಕ್ಕೂ ಕದಲದೆ ನಿಂತಿರಬೇಕು. ಅಂಥದ್ದು ಅಪರೂಪ, ಅಸಾಧ್ಯವಲ್ಲ. 1915ರಲ್ಲಿ ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿಬಿದ್ದ ಶ್ಯಾಕಲ್ಟನ್‌ನ ತಂಡಕ್ಕೂ, ಆ ಚಳಿಗಾಲಕ್ಕೆ ವಿದಾಯ ಹೇಳಿದ್ದ ಸೂರ್ಯ ವಾರದ ಮೇಲೆ, ಮೇ 8ರಂದು, ಮತ್ತೆ ಮುಖ ತೋರಿಸಿದ.

ಪತ್ರಿಕೆಯಲ್ಲಿ ಅಚ್ಚಾಗುವ ಸೂರ್ಯೋದಯ, ಸೂರ್ಯಾಸ್ತದ ಹೊತ್ತಿನಲ್ಲಿ ಈ ಬಾಗು ಸೇರಿಯೇ ಇರುತ್ತದೆ. ಸೂರ್ಯನ ಕೇಂದ್ರ ದಿಗಂತದಿಂದ 50 ಕಲೆ ಕೆಳಗಿರುವ ಕ್ಷಣವನ್ನೇ ಉದಯವೆಂದೂ ಅಸ್ತವೆಂದೂ ಹಿಡಿಯುತ್ತಾರೆ: ಅರ್ಧ ಬಿಂಬಕ್ಕೆ 16 ಕಲೆ, ಗಾಳಿಗೆ 34. ಆ 34 ಸರಾಸರಿ ಗಾಳಿಯ ಲೆಕ್ಕ. ಇಂದಿನ ಸಂಜೆ ನಿಮ್ಮ ಎದುರಿಗಿರುವ ಗಾಳಿ ಅದಕ್ಕೆ ಬದ್ಧವಲ್ಲ, ಹಾಗಾಗಿ ಸೂರ್ಯಾಸ್ತದ ಹೊತ್ತನ್ನು ಸೆಕೆಂಡಿನವರೆಗೆ ಮುಂಚಿತವಾಗಿ ಹೇಳಲು ಯಾವ ಪಂಚಾಂಗಕ್ಕೂ ಸಾಧ್ಯವಿಲ್ಲ.