ಆರು ಮೇಲ್, ಮೂರು ಸರದಿ

ತುಮಕೂರಿನಲ್ಲಿ ಒಂದು ಸೋಲಾರ್ ವಾಟರ್ ಹೀಟರ್ ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ಮಾರಾಟ ನೋಡಿಕೊಳ್ಳಲು ಮೂವರಿದ್ದಾರೆ. ಅವರನ್ನು ಕ, ಖ, ಗ ಎಂದು ಕರೆಯೋಣ. ಅಂಗಡಿಯ ವೆಬ್‌ಸೈಟಿನಲ್ಲಿ ‘ನಮ್ಮನ್ನು ಸಂಪರ್ಕಿಸಿ’ ಎಂಬ ಪುಟವಿದೆ. ಅಲ್ಲಿ ಹೆಸರು, ಫೋನ್, ಊರು, ಬೇಕಾದದ್ದೇನು ಎಂದು ತುಂಬಿ ಬಟನ್ ಒತ್ತಿದರೆ ಅಂಗಡಿಯ ಜಿಮೇಲ್‌ಗೆ ಒಂದು ಮೇಲ್ ಬರುತ್ತದೆ. ಆ ಜಿಮೇಲ್ ಮೂವರ ಮೊಬೈಲ್‌ನಲ್ಲೂ ತೆರೆದಿದೆ.

ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಮೂವರೇ ಸಾಕು. ಗುಬ್ಬಿಯ ಒಬ್ಬ ಗ್ರಾಹಕರಿಗೆ ಇಬ್ಬರು ಫೋನ್ ಮಾಡಿ ಎರಡು ಬೆಲೆ ಹೇಳುತ್ತಾರೆ. ತಿಪಟೂರಿನವರಿಗೆ ಯಾರೂ ಫೋನ್ ಮಾಡುವುದಿಲ್ಲ, ಏಕೆಂದರೆ ಮೂವರೂ ಮೇಲ್ ನೋಡಿ, ಇನ್ನೊಬ್ಬರು ಮಾಡಿರುತ್ತಾರೆ ಎಂದುಕೊಂಡಿದ್ದಾರೆ. ಇದಕ್ಕೆ ಮದ್ದು ಗೊತ್ತಿರುವಂಥದ್ದೇ: ಬಂದ ಪ್ರತಿ ವಿಚಾರಣೆಯೂ ತಾನಾಗಿ ಒಂದು ಗ್ರಾಹಕರ ಪಟ್ಟಿಗೆ ಸೇರಬೇಕು, ಅದರ ಪಕ್ಕದಲ್ಲಿ ಒಬ್ಬರ ಹೆಸರು ಬೀಳಬೇಕು, ಆ ಹೆಸರು ಸರದಿಯಂತೆ ಕ, ಖ, ಗ ಎಂದು ತಿರುಗುತ್ತಿರಬೇಕು.

ಇದಕ್ಕೆಂದೇ ಮಾಡಿದ ಗ್ರಾಹಕ ನಿರ್ವಹಣೆಯ ತಂತ್ರಾಂಶಗಳು ಸಿಗುತ್ತವೆ. ಸಣ್ಣ ಅಂಗಡಿಗೆ ಗೂಗಲ್ ಶೀಟ್ ಮತ್ತು ಅದರೊಳಗೇ ಇರುವ ಆಪ್ಸ್ ಸ್ಕ್ರಿಪ್ಟ್ ಸಾಕಾಗುತ್ತದೆ. ಯಾವುದನ್ನು ಬಳಸಿದರೂ ಒಳಗಿನ ತರ್ಕ ಒಂದೇ. ಸರದಿ ತಿರುಗಿಸುವುದು ಆ ತರ್ಕದ ಕೊನೆಯ ಹೆಜ್ಜೆ, ಅತಿ ಸುಲಭದ ಹೆಜ್ಜೆಯೂ ಹೌದು. ಯಾವ ಮೇಲ್‌ಗೆ ಸರದಿ ಖರ್ಚಾಗಬೇಕು, ಯಾವುದಕ್ಕೆ ಆಗಬಾರದು ಎಂದು ತೀರ್ಮಾನಿಸುವುದೇ ಕಷ್ಟದ ಕೆಲಸ.

ಮೇಲ್ ಯಾರದು?

ಮೊದಲು ಜಿಮೇಲ್‌ನಲ್ಲಿ ಒಂದು ಫಿಲ್ಟರ್ ಮಾಡಬೇಕು. ವೆಬ್‌ಸೈಟಿನ ವಿಳಾಸದಿಂದ ಬಂದ ಮೇಲ್‌ಗೆ `enquiry` ಎಂಬ ಲೇಬಲ್ ಅಂಟಿಸು, ಸ್ಪ್ಯಾಮ್‌ಗೆ ಕಳಿಸಬೇಡ ಎಂದು ಅದಕ್ಕೆ ಹೇಳಿಡಬೇಕು. ಹತ್ತು ನಿಮಿಷಕ್ಕೊಮ್ಮೆ ಸ್ಕ್ರಿಪ್ಟ್ ಎದ್ದು ಆ ಲೇಬಲ್ ಇರುವ ಮೇಲ್‌ಗಳನ್ನು ಓದುತ್ತದೆ.

ಇಲ್ಲಿ ಮೊದಲ ತೊಡಕು ಎದುರಾಗುತ್ತದೆ. ಮೇಲ್ ಕಳಿಸಿದ್ದು ಗ್ರಾಹಕರಲ್ಲ, ವೆಬ್‌ಸೈಟು. ಗ್ರಾಹಕರ ವಿಳಾಸವನ್ನೇ ಕಳುಹಿಸಿದವರ ಜಾಗದಲ್ಲಿ ಹಾಕುವ ಫಾರಂಗಳೂ ಇವೆ. ಆದರೆ ಯಾಹೂ ವಿಳಾಸದ ಮೇಲನ್ನು ಯಾಹೂಗೆ ಸಂಬಂಧವಿಲ್ಲದ ಸರ್ವರ್ ಕಳಿಸಿದರೆ, ಪಡೆಯುವ ಕಡೆಯ ತಪಾಸಣೆಗೆ ಅದು ನಕಲಿ ಎನಿಸುತ್ತದೆ. ಅಂಥ ಮೇಲ್ ಸ್ಪ್ಯಾಮ್‌ಗೆ ಹೋಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಹಾಗಾಗಿ ಸರಿಯಾದ ಫಾರಂ `From` ಜಾಗದಲ್ಲಿ ಅಂಗಡಿಯ ಸ್ವಂತ ವಿಳಾಸವನ್ನು ಇಟ್ಟು, ಗ್ರಾಹಕರದನ್ನು `Reply-To` ಜಾಗದಲ್ಲಿ ಇಡುತ್ತದೆ. ಇದನ್ನು ಮರೆತು `From` ಓದುವ ಸ್ಕ್ರಿಪ್ಟ್ ಬರೆದರೆ ಪಟ್ಟಿಯಲ್ಲಿರುವ ಎಲ್ಲ ಗ್ರಾಹಕರಿಗೂ ಒಂದೇ ವಿಳಾಸ, ಅದೂ ಅಂಗಡಿಯದೇ, ಕಾಣಿಸುತ್ತದೆ. ಹಾಗೆ ಕಂಡರೆ ತಪ್ಪಿರುವುದು ಇಲ್ಲೇ. ಎರಡೂ ಜಾಗಗಳಿಗೆ ಬೇರೆ ಬೇರೆ ಉಪಯೋಗವಿದೆ. ಇದು ಫಾರಂನಿಂದ ಬಂದದ್ದು ಎಂದು `From` ಹೇಳುತ್ತದೆ, ಬರೆದವರು ಯಾರು ಎಂದು `Reply-To` ಹೇಳುತ್ತದೆ.

ಈಗಾಗಲೇ ಓದಿದ್ದೇ?

ಸ್ಕ್ರಿಪ್ಟ್ ಹತ್ತು ನಿಮಿಷಕ್ಕೊಮ್ಮೆ ಬರುವುದರಿಂದ ಯಾವುದನ್ನು ಆಗಲೇ ಬರೆದುಕೊಂಡಿದ್ದೇನೆ ಎಂಬುದು ಅದಕ್ಕೆ ತಿಳಿದಿರಬೇಕು. ಎಲ್ಲರಿಗೂ ಮೊದಲು ಹೊಳೆಯುವ ದಾರಿ ‘ಇನ್ನೂ ಓದದ ಮೇಲ್ ಮಾತ್ರ ತೆಗೆದುಕೋ’ ಎನ್ನುವುದು. ಪರೀಕ್ಷೆಯ ದಿನ ಅದು ಚೆನ್ನಾಗಿಯೇ ನಡೆಯುತ್ತದೆ. ಮಾರನೆಯ ದಿನ ಖ ಬಸ್ಸಿನಲ್ಲಿ ಕುಳಿತು ಮೊಬೈಲ್‌ನಲ್ಲಿ ಒಂದು ಮೇಲ್ ತೆರೆದು ನೋಡುತ್ತಾರೆ. ಅಷ್ಟಕ್ಕೇ ಅದು ‘ಓದಿದ’ ಮೇಲ್ ಆಯಿತು. ಸ್ಕ್ರಿಪ್ಟ್ ಬಂದಾಗ ಅದನ್ನು ದಾಟಿ ಹೋಗುತ್ತದೆ. ಯಾವ ದೋಷವೂ ಎಲ್ಲೂ ಕಾಣುವುದಿಲ್ಲ, ಗ್ರಾಹಕರೊಬ್ಬರು ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ.

ಇನ್ನೊಂದು ಬಲೆ ಜಿಮೇಲ್‌ನ ಸಂಭಾಷಣೆ. ಒಂದೇ ವಿಳಾಸದಿಂದ ಒಂದೇ ತಲೆಬರಹದಲ್ಲಿ ಬರುವ ಮೇಲ್‌ಗಳನ್ನು ಜಿಮೇಲ್ ಸಾಮಾನ್ಯವಾಗಿ ಒಂದೇ ಕಟ್ಟಾಗಿ ಕಟ್ಟುತ್ತದೆ. ಫಾರಂನ ಮೇಲ್‌ಗಳೆಲ್ಲ ‘ಹೊಸ ವಿಚಾರಣೆ’ ಎಂಬ ಒಂದೇ ತಲೆಬರಹದಲ್ಲಿ ಬಂದರೆ ಐದು ಗ್ರಾಹಕರು ಒಂದೇ ಕಟ್ಟಿನಲ್ಲಿ ಸೇರಿಕೊಳ್ಳುತ್ತಾರೆ. ಆಪ್ಸ್ ಸ್ಕ್ರಿಪ್ಟ್ ಹುಡುಕಿ ಕೊಡುವುದೂ ಕಟ್ಟುಗಳನ್ನೇ. ಕಟ್ಟಿನ ಮೊದಲ ಮೇಲನ್ನಷ್ಟೇ ಓದುವ ಸ್ಕ್ರಿಪ್ಟ್ ನಾಲ್ವರನ್ನು ಕಳೆದುಕೊಳ್ಳುತ್ತದೆ.

ಎರಡಕ್ಕೂ ಪರಿಹಾರ ಒಂದೇ. ಪ್ರತಿ ಮೇಲ್‌ಗೂ ಜಿಮೇಲ್ ಕೊಟ್ಟಿರುವ ಗುರುತಿನ ಸಂಖ್ಯೆ ಇರುತ್ತದೆ. ಕಳೆದ ಏಳು ದಿನಗಳ ಕಟ್ಟುಗಳನ್ನು ತೆರೆದು, ಒಳಗಿನ ಒಂದೊಂದು ಮೇಲಿನ ಗುರುತನ್ನೂ ಶೀಟಿನಲ್ಲಿ ಹುಡುಕಬೇಕು. ಇದ್ದರೆ ಬಿಡಬೇಕು, ಇಲ್ಲದಿದ್ದರೆ ತೆಗೆದುಕೊಳ್ಳಬೇಕು. ಆಗ ಯಾರು ಮೊದಲೇ ತೆರೆದು ನೋಡಿದರೂ, ಸ್ಕ್ರಿಪ್ಟ್ ಒಂದು ದಿನ ನಿಂತು ಮತ್ತೆ ಎದ್ದರೂ ಯಾವುದೂ ತಪ್ಪುವುದಿಲ್ಲ, ಯಾವುದೂ ಎರಡು ಸಲ ಬರುವುದಿಲ್ಲ. ತಲೆಬರಹದಲ್ಲಿ ಗ್ರಾಹಕರ ಹೆಸರನ್ನೂ ಸೇರಿಸಿದರೆ ಕಣ್ಣಿಗೂ ಸುಲಭ.

ಒಂದು ಸೋಮವಾರ

ಈಗ ಒಂದು ದಿನದ ಲೆಕ್ಕ ನೋಡೋಣ. ಸರದಿ ಖ ಅವರ ಬಳಿ ನಿಂತಿದೆ. ಗ ಇಂದು ರಜೆ. ಆರು ಮೇಲ್ ಬಂದಿವೆ. ಮೊದಲನೆಯದು ಗುಬ್ಬಿಯ ಹೊಸ ಗ್ರಾಹಕರದು. ಎರಡನೆಯದೂ ಅವರದೇ, ಮೊದಲ ಸಲ ಹೋಯಿತೋ ಇಲ್ಲವೋ ಎಂದು ನಾಲ್ಕು ನಿಮಿಷದ ಮೇಲೆ ಮತ್ತೆ ಒತ್ತಿದ್ದಾರೆ. ಮೂರನೆಯದು ಹೋದ ತಿಂಗಳು ಖ ಅವರಿಂದ ಹೀಟರ್ ಕೊಂಡವರದು. ನಾಲ್ಕನೆಯದು ‘ನಿಮ್ಮ ವೆಬ್‌ಸೈಟನ್ನು ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ’ ಎನ್ನುವ ಜಾಹೀರಾತು. ಐದು ಮತ್ತು ಆರು ಹೊಸಬರದು.

ಬಂದ ಹಾಗೆ ಹಂಚುತ್ತಾ ಹೋದರೆ ಖ, ಗ, ಕ, ಖ, ಗ, ಕ ಎಂದಾಗುತ್ತದೆ. ತಲೆಗೆ ಎರಡೆರಡು, ಕಾಗದದ ಮೇಲೆ ಪೂರ್ತಿ ಸಮ. ಆದರೆ ಗುಬ್ಬಿಯವರ ಹೆಸರು ಖ ಮತ್ತು ಗ ಇಬ್ಬರ ಪಟ್ಟಿಯಲ್ಲೂ ಇದೆ. ಖ ಅವರ ಹಳೆಯ ಗ್ರಾಹಕರು ಗುರುತಿಲ್ಲದ ಕ ಅವರ ಕೈಗೆ ಹೋಗಿದ್ದಾರೆ. ಜಾಹೀರಾತು ಖ ಅವರ ಒಂದು ಸರದಿಯನ್ನು ನುಂಗಿದೆ. ಐದನೆಯವರು ರಜೆಯಲ್ಲಿರುವ ಗ ಅವರ ಹೆಸರಿನಲ್ಲಿ ಕಾಯುತ್ತಾ ಕುಳಿತಿದ್ದಾರೆ.

ಸರಿಯಾದ ಸ್ಕ್ರಿಪ್ಟ್ ಸರದಿಯನ್ನು ಮುಟ್ಟುವ ಮೊದಲು ಎರಡು ಪ್ರಶ್ನೆ ಕೇಳುತ್ತದೆ. ಫೋನ್ ಸಂಖ್ಯೆಯಲ್ಲಿ ಹತ್ತು ಅಂಕಿ ಇವೆಯೇ? ಇಲ್ಲದಿದ್ದರೆ ಮೇಲ್ ‘ಪರಿಶೀಲನೆ’ ಎಂಬ ಬೇರೆ ಹಾಳೆಗೆ ಹೋಗುತ್ತದೆ. ಅದನ್ನು ಅಳಿಸುವಂತಿಲ್ಲ, ಒಂದಂಕಿ ಬಿಟ್ಟು ಬರೆದ ನಿಜವಾದ ಗ್ರಾಹಕರೂ ಅಲ್ಲಿರಬಹುದು. ಈ ಸಂಖ್ಯೆ ಪಟ್ಟಿಯಲ್ಲಿ ಈಗಾಗಲೇ ಇದೆಯೇ? ಇದ್ದರೆ ವಿಚಾರಣೆ ಹಳೆಯ ಹೊಣೆಗಾರರಿಗೇ ಹೋಗುತ್ತದೆ, ಸರದಿ ಕದಲುವುದಿಲ್ಲ. ಒಬ್ಬರೇ ಒಂದು ಸಲ +91 ಸೇರಿಸಿ, ಇನ್ನೊಂದು ಸಲ ಮುಂದೆ ಸೊನ್ನೆ ಹಾಕಿ, ನಡುವೆ ಜಾಗ ಬಿಟ್ಟು ಬರೆಯುತ್ತಾರೆ. ಅದಕ್ಕೇ ಹೋಲಿಸುವ ಮೊದಲು ಅಂಕಿಗಳನ್ನಷ್ಟೇ ಉಳಿಸಿಕೊಂಡು ಕೊನೆಯ ಹತ್ತನ್ನು ತೆಗೆದುಕೊಳ್ಳಬೇಕು. ಗಂಡ ಒಂದು ಸಂಖ್ಯೆಯಿಂದ, ಹೆಂಡತಿ ಇನ್ನೊಂದರಿಂದ ಬರೆದರೆ ಇದು ಹಿಡಿಯಲಾರದು. ಅದನ್ನು ಫೋನ್ ಮಾಡಿದವರೇ ಗುರುತಿಸಬೇಕು.

ಎರಡೂ ಪ್ರಶ್ನೆ ದಾಟಿದ ಮೇಲೆ ಉಳಿಯುವುದು ಇಷ್ಟೇ:

```
let i = Number(props.getProperty('next')) || 0;
for (let n = 0; n < team.length && !team[i].present; n++) {
  i = (i + 1) % team.length;
}
sheet.appendRow([msgId, name, phone, team[i].name]);
props.setProperty('next', String((i + 1) % team.length));
```

`next` ಎಂಬುದು ಸರದಿ ಎಲ್ಲಿ ನಿಂತಿದೆ ಎಂಬ ನೆನಪು. `team` ಎಂಬುದು ಸಿಬ್ಬಂದಿಯ ಹಾಳೆ, ಅಲ್ಲಿ ಪ್ರತಿ ಹೆಸರಿನ ಮುಂದೆ ‘ಇಂದು ಇದ್ದಾರೆ’ ಎಂಬ ಟಿಕ್ ಇರುತ್ತದೆ. ಟಿಕ್ ಇಲ್ಲದವರನ್ನು ದಾಟಿ ಮುಂದಿನವರಿಗೆ ಕೊಟ್ಟು, ಸರದಿಯನ್ನು ಒಂದು ಹೆಜ್ಜೆ ಸರಿಸುತ್ತದೆ. ಯಾರಾದರೂ ಕೆಲಸ ಬಿಟ್ಟರೆ ಟಿಕ್ ತೆಗೆದರೆ ಸಾಕು. ಸಾಲನ್ನೇ ಅಳಿಸಿದರೆ ಎಣಿಕೆ ತಪ್ಪುತ್ತದೆ.

ಕೊನೆಯ ಎರಡು ಸಾಲುಗಳ ಕ್ರಮ ಗಮನಿಸಿ. ಮೊದಲು ಗ್ರಾಹಕರನ್ನು ಬರೆದು, ಆಮೇಲೆ ಸರದಿ ಸರಿಸುತ್ತದೆ. ನಡುವೆ ಸ್ಕ್ರಿಪ್ಟ್ ನಿಂತುಹೋದರೆ ಒಬ್ಬರಿಗೇ ಸತತವಾಗಿ ಎರಡು ಬರಬಹುದು, ಗ್ರಾಹಕರಂತೂ ಪಟ್ಟಿಯಲ್ಲಿ ಭದ್ರವಾಗಿರುತ್ತಾರೆ. ಸ್ಕ್ರಿಪ್ಟಿನ ಎರಡು ಓಟಗಳು ಒಂದೇ ಹೊತ್ತಿಗೆ ನಡೆದರೆ ಎರಡೂ ಒಂದೇ `next` ಓದಿ, ಒಂದೇ ಮೇಲನ್ನು ಎರಡು ಸಲ ಬರೆದುಬಿಡಬಹುದು. ಅದಕ್ಕಾಗಿ ಮೇಲ್ ಹುಡುಕುವ ಮುಂಚೆಯೇ `LockService` ಎಂಬ ಬೀಗ ಹಾಕಿಕೊಳ್ಳಬೇಕು. ಆಗ ಮೊದಲನೆಯದು ಮುಗಿಯುವವರೆಗೆ ಎರಡನೆಯದು ಕಾಯುತ್ತದೆ.

ಈ ರೀತಿಯಲ್ಲಿ ಸೋಮವಾರದ ಫಲ ಹೀಗೆ: ಮೊದಲನೆಯದು ಖ ಅವರಿಗೆ, ಎರಡನೆಯದು ಅದರ ಜೊತೆಗೇ, ಮೂರನೆಯದು ಹಳೆಯ ಪರಿಚಯದಿಂದ ಖ ಅವರಿಗೇ, ನಾಲ್ಕನೆಯದು ಪರಿಶೀಲನೆಗೆ. ಐದನೆಯದಕ್ಕೆ ಸರದಿ ಗ ಅವರದು, ರಜೆಯಾದ್ದರಿಂದ ಕ ಅವರಿಗೆ. ಆರನೆಯದು ಮತ್ತೆ ಖ ಅವರಿಗೆ. ಕಾಗದದ ಮೇಲೆ ಇದು ಸಮವಲ್ಲ, ಆದರೆ ಪ್ರತಿ ಗ್ರಾಹಕರಿಗೂ ಒಬ್ಬರೇ, ಅದೂ ಇಂದು ಕೆಲಸಕ್ಕೆ ಬಂದಿರುವವರು ಇದ್ದಾರೆ. ಗ ಅವರಿಗೆ ತಪ್ಪಿದ ಸರದಿಯನ್ನು ಆಮೇಲೆ ತುಂಬಿಕೊಡಬೇಕೇ ಎಂಬುದನ್ನು ಸ್ಕ್ರಿಪ್ಟ್ ತೀರ್ಮಾನಿಸಲಾರದು. ಮಾರಾಟಕ್ಕೆ ಕಮಿಷನ್ ಇರುವ ಕಡೆ ಇದು ಸಂಬಳದ ಮಾತು. ಮೂವರೂ ಕುಳಿತು ಮೊದಲೇ ಒಪ್ಪಿಕೊಳ್ಳಬೇಕು.

ಸಂಜೆಯ ಲೆಕ್ಕ

ಇಂಥ ವ್ಯವಸ್ಥೆ ಕೆಟ್ಟಾಗ ಸದ್ದು ಮಾಡುವುದಿಲ್ಲ. ವೆಬ್‌ಸೈಟ್ ಮಾಡಿಕೊಟ್ಟವರು ಫಾರಂನಲ್ಲಿ `Phone` ಎಂದಿದ್ದುದನ್ನು `Mobile` ಎಂದು ಬದಲಿಸಿದರೆ ಅಂದಿನಿಂದ ಸ್ಕ್ರಿಪ್ಟಿಗೆ ಸಂಖ್ಯೆ ಸಿಗುವುದಿಲ್ಲ, ಎಲ್ಲರೂ ಪರಿಶೀಲನೆಯ ಹಾಳೆಯಲ್ಲಿ ಬೀಳುತ್ತಾರೆ. ಆದ್ದರಿಂದ ಸಂಜೆ ಅಂಗಡಿ ಮುಚ್ಚುವ ಮುನ್ನ ಯಾರಾದರೊಬ್ಬರು ಎಣಿಸಬೇಕು. `enquiry` ಲೇಬಲ್‌ನಲ್ಲಿ ಇಂದು ಬಂದ ಫಾರಂ ಮೇಲ್‌ಗಳು ಎಷ್ಟೋ, ಹೊಸ ಗ್ರಾಹಕರು, ಮತ್ತೆ ಬರೆದವರು, ಪರಿಶೀಲನೆಯಲ್ಲಿರುವವರು ಸೇರಿ ಅಷ್ಟೇ ಆಗಬೇಕು. ನಮ್ಮ ಸೋಮವಾರ ಮೂರು, ಎರಡು, ಒಂದು, ಒಟ್ಟು ಆರು. ಲೆಕ್ಕ ತಾಳೆಯಾಯಿತು. ತಾಳೆಯಾಗದ ದಿನ ಆ ವ್ಯತ್ಯಾಸದಲ್ಲಿ ಒಬ್ಬ ಗ್ರಾಹಕರಿದ್ದಾರೆ. ಅವರನ್ನು ಹುಡುಕಿಯೇ ಮನೆಗೆ ಹೋಗಬೇಕು.

ಇನ್ನು ಹೆಸರು ಬಿದ್ದ ಮಾತ್ರಕ್ಕೆ ಫೋನ್ ಹೋಗಿಬಿಡುವುದಿಲ್ಲ. ಹೊಣೆಗಾರರ ಹೆಸರಿನ ಪಕ್ಕದಲ್ಲಿ ‘ಕರೆ ಮಾಡಿದ ಹೊತ್ತು’ ಎಂಬ ಇನ್ನೊಂದು ಕಾಲಂ ಇಡಿ, ಅದನ್ನು ಅವರು ತಮ್ಮ ಕೈಯಾರೆ ತುಂಬಲಿ. ತಿಪಟೂರಿನವರ ಸಾಲಿನಲ್ಲಿ ಆ ಮನೆ ಖಾಲಿ ಉಳಿದಿದ್ದರೆ, ಯಾರನ್ನು ಕೇಳಬೇಕು ಎಂಬುದು ಈಗ ಅದೇ ಸಾಲಿನಲ್ಲಿ ಬರೆದಿರುತ್ತದೆ.